ದುಭಾಷಿ ಮೂಲಕ ನಡೆದ ಮಾತುಕತೆಯ ಸಾರಾಂಶ ಬರೆಯುವುದು ಹೇಗೆ? ಕಾಫಿ ತೋಟದ ಒಂದು ಉದಾಹರಣೆಯೊಂದಿಗೆ

ಕೊಡಗಿನ ಕಾಫಿ ಕುಯ್ಲಿಗೆ ಈಗ ಅಸ್ಸಾಂ, ಪಶ್ಚಿಮ ಬಂಗಾಳದ ಕಡೆಯಿಂದ ಬರುವವರು ಜಾಸ್ತಿ. ಕೂಲಿ ದರ, ಮುಂಗಡ, ಉಳಿಯಲು ಕೊಡುವ ಲೈನ್ ಮನೆ, ಊರಿಗೆ ಹೋಗುವ ದಿನ ಎಲ್ಲವೂ ದುಭಾಷಿ ಬಾಯಲ್ಲೇ ಇತ್ಯರ್ಥ ಆಗುತ್ತವೆ. ದುಭಾಷಿ ಎಂದರೆ ಸಾಮಾನ್ಯವಾಗಿ ತೋಟದ ಮೇಸ್ತ್ರಿ, ಇಲ್ಲವಾದರೆ ಬೆಂಗಳೂರಿನಲ್ಲಿ ಎರಡು ವರ್ಷ ಇದ್ದು ಹಿಂದಿ ಕಲಿತು ಬಂದ ಹುಡುಗ. ಮಾತುಕತೆ ಮುಗಿದ ಮೇಲೆ ತೋಟದ ಲೆಕ್ಕ ಬರೆಯುವ ರೈಟರ್ ಕಡೆ ನೋಡಿ "ಏನಾಯ್ತು ಅಂತ ಬರೆದಿಡಿ" ಅನ್ನುತ್ತಾರೆ. ಈ ಮಾರ್ಗದರ್ಶಿ ಆ ಬರೆಯುವವರಿಗೆ.

ಇಂಥ ಸಾರಾಂಶಕ್ಕೂ ಮಾಮೂಲಿ ಮೀಟಿಂಗ್ ಸಾರಾಂಶಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಮಾಮೂಲಿ ಮೀಟಿಂಗಿನಲ್ಲಿ ಒಬ್ಬರು ಹೇಳಿದ್ದನ್ನು ಬರೆದರೆ ಸಾಕು. ಇಲ್ಲಿ ಪ್ರತಿ ಮಾತಿಗೂ ಎರಡು ರೂಪ ಇರುತ್ತದೆ: ಹೇಳಿದವರ ಮನಸ್ಸಿನಲ್ಲಿದ್ದದ್ದು ಒಂದು, ಎದುರಿನವರ ಕಿವಿಗೆ ಬಿದ್ದದ್ದು ಇನ್ನೊಂದು. ಎರಡೂ ಒಂದೇ ಆಗಿದ್ದರೆ ಒಂದು ಸಾಲು ಸಾಕು. ಬೇರೆ ಆಗಿದ್ದರೆ ಎರಡನ್ನೂ ಬರೆಯಬೇಕು. "ಸರಿಯಾದ ಅರ್ಥ" ಗೊತ್ತಾದ ಮೇಲೆ ಅದನ್ನು ಮಾತ್ರ ಇಟ್ಟುಕೊಂಡು ತಪ್ಪಾಗಿ ದಾಟಿದ್ದನ್ನು ಅಳಿಸಿಬಿಡುವ ಆಸೆ ಆಗುತ್ತದೆ. ಅಳಿಸಬೇಡಿ. ಎದುರಿನವರು ಆ ತಪ್ಪನ್ನೇ ನಂಬಿಕೊಂಡು ನಾಲ್ಕು ದಿನ ಕೆಲಸ ಮಾಡಿರಬಹುದು, ಅಲ್ವಾ?

ಉದಾಹರಣೆ

ಸಿದ್ದಾಪುರದ ಕಡೆಯ ಒಂದು ರೊಬಸ್ಟಾ ತೋಟ ಅಂದುಕೊಳ್ಳಿ. ಜನವರಿ ಕೊನೆಯ ವಾರ, ಕುಯ್ಲು ಅರ್ಧ ಆಗಿದೆ. ಅಸ್ಸಾಂನ 12 ಜನರ ತಂಡ. ಅವರ ಪರವಾಗಿ ಲೀಡರ್ ಹಿಂದಿಯಲ್ಲಿ ಮಾತಾಡುತ್ತಾರೆ. ಮಾಲೀಕರದ್ದು ಕನ್ನಡ. ನಡುವೆ ಮೇಸ್ತ್ರಿ. ಇದು ಹಲವು ಮಾತುಕತೆಗಳ ಚೂರುಗಳನ್ನು ಸೇರಿಸಿ ಕಟ್ಟಿದ ಉದಾಹರಣೆ, ದರವೆಲ್ಲ ಲೆಕ್ಕಕ್ಕೆ ಇಟ್ಟದ್ದು. ಆದರೆ ಜಾರುವ ಜಾಗಗಳು ಮಾತ್ರ ಪದೇ ಪದೇ ಕಾಣಿಸುವಂಥವೇ.

ಕೂರುವ ಮೊದಲು

ಮೊದಲು ಭಾಷೆಗಳ ದಾರಿ ಬರೆದುಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಅದು "ಹಿಂದಿಯಿಂದ ಕನ್ನಡ" ಅಲ್ಲ. ತಂಡದವರು ತಮ್ಮೊಳಗೆ ಮಾತಾಡುವುದು ಅಸ್ಸಾಮಿ. ಲೀಡರ್ ಅದನ್ನು ತನಗೆ ಬಂದಷ್ಟು ಹಿಂದಿಗೆ ತರುತ್ತಾರೆ. ಮೇಸ್ತ್ರಿ ತಮಗೆ ತಿಳಿದಷ್ಟನ್ನು ಕನ್ನಡಕ್ಕೆ ತರುತ್ತಾರೆ. ಅಂದರೆ ಮಾತು ಎರಡು ಸಲ ಭಾಷೆ ದಾಟುತ್ತದೆ, ಮತ್ತು ನಡುವಿನ ಹಿಂದಿ ಇಬ್ಬರಿಗೂ ಮನೆಮಾತಲ್ಲ. ಹಾಗಾಗಿ ಲೀಡರ್ ಹೇಳಿದ್ದು ತಂಡದ 12 ಜನರೂ ಹೇಳಿದ್ದು ಅಂತ ಬರೆಯುವ ಹಾಗಿಲ್ಲ. "ಲೀಡರ್ ಹೇಳಿದರು" ಅಂತಲೇ ಬರೆಯಬೇಕು.

ಎರಡನೆಯದು, ದುಭಾಷಿಗೆ ಈ ವ್ಯವಹಾರದಲ್ಲಿ ಏನು ಸಂಬಂಧ ಅನ್ನುವುದು. ಜನ ತಂದುಕೊಟ್ಟದ್ದಕ್ಕೆ ಮೇಸ್ತ್ರಿಗೆ ತಲೆಗೆ ಇಷ್ಟು ಅಂತ ಕಮಿಷನ್ ಇದ್ದರೆ, ತಂಡ ಸಿಟ್ಟಾಗಿ ಎದ್ದು ಹೋಗುವುದು ಅವರಿಗೆ ಬೇಡ. ಆಗ ಮಾಲೀಕರ ಗಡಸು ಮಾತು ದಾಟುವಾಗ ಮೆತ್ತಗಾಗುತ್ತದೆ. ಇದರಲ್ಲಿ ಮೋಸ ಇರಲೇಬೇಕು ಅಂತಿಲ್ಲ, ಜಗಳ ಬೇಡ ಅನ್ನುವ ಒಳ್ಳೆಯತನವೂ ಇರಬಹುದು. ಸಾರಾಂಶದ ಮೇಲ್ಭಾಗದಲ್ಲಿ "ದುಭಾಷಿ: ತೋಟದ ಮೇಸ್ತ್ರಿ, ತಂಡವನ್ನು ಕರೆತಂದವರು" ಅಂತ ಒಂದು ಸಾಲು ಹಾಕಿ. ಟೀಕೆ ಬೇಡ, ಅಷ್ಟೇ ಸಾಕು. ಕೋರ್ಟಿನಲ್ಲಾದರೆ 1969ರ ಪ್ರಮಾಣ ಕಾಯ್ದೆ ಪ್ರಕಾರ ಸಾಕ್ಷಿಯ ಮಾತನ್ನು ಅನುವಾದ ಮಾಡುವವರೂ ಪ್ರಮಾಣ ಮಾಡಬೇಕು. ತೋಟದ ಕಣದಲ್ಲಿ ಅದೆಲ್ಲ ಇಲ್ಲ. ಇಲ್ಲಿ ಓದುವವರಿಗೆ ಆ ಒಂದು ಸಾಲೇ ಆಧಾರ.

ಮೂರನೆಯದಾಗಿ ದುಭಾಷಿಯ ಹತ್ತಿರ ಎರಡು ವಿನಂತಿ. ಒಂದು, "ಅವರು ಹೀಗಂತಾರೆ, ಇವರು ಹಾಗಂತಾರೆ" ಅನ್ನುವ ಬದಲು "ನಾನು" ಅಂತಲೇ ಹೇಳಿ. ಲೀಡರ್ "ನನಗೆ ದುಡ್ಡು ಬಂದಿಲ್ಲ" ಅಂದರೆ ಮೇಸ್ತ್ರಿಯೂ "ನನಗೆ ದುಡ್ಡು ಬಂದಿಲ್ಲ" ಅನ್ನಬೇಕು. ಮೊದಲು ವಿಚಿತ್ರ ಅನಿಸುತ್ತದೆ, ಯಾರಾದರೂ ನಗುತ್ತಾರೆ ಕೂಡ. ಆದರೆ "ಅವನಿಗೆ ಕೊಟ್ಟಿಲ್ಲವಂತೆ" ಅಂದಾಗ ಯಾರಿಗೆ, ಯಾರು ಅನ್ನುವ ಗೊಂದಲ ಇದರಿಂದ ತಪ್ಪುತ್ತದೆ. ಎರಡನೆಯದು, ಒಂದೋ ಎರಡೋ ವಾಕ್ಯಕ್ಕೆ ನಿಲ್ಲಿಸಿ ಹೇಳಿ. ಮೂರು ನಿಮಿಷದ ಮಾತನ್ನು ನೆನಪಿಟ್ಟುಕೊಂಡು ದಾಟಿಸುವುದು ತರಬೇತಿ ಇದ್ದವರಿಗೂ ಕಷ್ಟ.

ಎಲ್ಲರೂ ಒಪ್ಪಿದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಒಪ್ಪಿಗೆಯನ್ನೂ ಎರಡೂ ಭಾಷೆಯಲ್ಲಿ ಕೇಳಿ, ಅದು ರೆಕಾರ್ಡಿನಲ್ಲೇ ಇರಲಿ. ಒಬ್ಬರು ಬೇಡ ಅಂದರೂ ಬೇಡ.

ಮಾತುಕತೆ ನಡೆಯುವಾಗ: ಮೂರು ಕಾಲಂ

ಲೆಕ್ಕದ ಪುಸ್ತಕದ ಒಂದು ಪುಟವನ್ನು ಅಡ್ಡ ಹಿಡಿದು ಮೂರು ಕಾಲಂ ಮಾಡಿ. ಎಡಗಡೆ ಮಾತಾಡಿದವರು ಹೇಳಿದ್ದು, ನಡುವೆ ದುಭಾಷಿ ದಾಟಿಸಿದ್ದು, ಬಲಗಡೆ ನಿಮ್ಮ ಗುರುತು. ಪಕ್ಕದಲ್ಲಿ ಆಗಾಗ ಗಡಿಯಾರದ ಸಮಯ ಹಾಕುತ್ತಾ ಹೋದರೆ ಆಮೇಲೆ ರೆಕಾರ್ಡಿಂಗಿನಲ್ಲಿ ಹುಡುಕುವುದು ಸುಲಭ.

ನಿಮಗೆ ಹಿಂದಿ ಬಂದರೆ ಎಡಗಡೆ ಎರಡೂ ಕಡೆಯವರ ಮಾತು ಬರುತ್ತದೆ. ಬರದಿದ್ದರೆ? ಆಗಲೂ ಸುಮ್ನೆ ಖಾಲಿ ಬಿಡಬೇಕಿಲ್ಲ. ಭಾಷೆ ಗೊತ್ತಿಲ್ಲದಿದ್ದರೂ ಕೆಲವು ಸೂಚನೆ ಕಿವಿಗೆ, ಕಣ್ಣಿಗೆ ಸಿಗುತ್ತವೆ.

ಉದ್ದ ನೋಡಿ. ಲೀಡರ್ ಎರಡು ನಿಮಿಷ ಮಾತಾಡುತ್ತಾರೆ, ನಡುವೆ ಲೈನ್ ಮನೆ ಕಡೆ ಕೈ ತೋರಿಸುತ್ತಾರೆ, ಮೂರು ಬೆರಳು ಎತ್ತುತ್ತಾರೆ. ಮೇಸ್ತ್ರಿ "ನೀರಿನ ತೊಂದ್ರೆ ಅಂತೆ ಸಾರ್" ಅಂದು ಮುಗಿಸುತ್ತಾರೆ. ಆ ಮೂರು ಬೆರಳು ಎಲ್ಲಿ ಹೋಯಿತು? ಬಲಗಡೆ "ಉದ್ದ, 3?" ಅಂತ ಗುರುತು ಹಾಕಿ. ಅವಕಾಶ ಇದ್ದರೆ ಅಲ್ಲೇ ಕೇಳಿ: "ಮೇಸ್ತ್ರಿ, ಮೂರು ಅಂತ ಏನೋ ತೋರಿಸಿದ್ರಲ್ಲ, ಅದೇನು?" ಮೂರು ದಿನದಿಂದ ನೀರಿಲ್ಲವೋ, ಮೂರು ಮನೆಗೆ ನೀರಿಲ್ಲವೋ, ಎರಡರ ನಡುವೆ ತುಂಬಾ ಅಂತರ ಇದೆ.

ಇನ್ನೊಂದು ಸೂಚನೆ, ಪ್ರಶ್ನೆ ದಾಟದೆಯೇ ಉತ್ತರ ಬರುವುದು. ಮಾಲೀಕರು "ಹಣ್ಣಿನ ಜೊತೆ ಕಾಯಿ ಯಾಕೆ ಕುಯ್ತಿದ್ದಾರೆ?" ಅಂತ ಕೇಳುತ್ತಾರೆ. ಮೇಸ್ತ್ರಿ ಲೀಡರ್ ಕಡೆ ತಿರುಗದೆಯೇ "ಹೊಸಬರು ಸಾರ್, ಗೊತ್ತಾಗಲ್ಲ" ಅನ್ನುತ್ತಾರೆ. ಇದು ತಂಡದ ಉತ್ತರ ಅಲ್ಲ, ಮೇಸ್ತ್ರಿಯ ಅಭಿಪ್ರಾಯ. ಸಾರಾಂಶದಲ್ಲಿ ತಂಡದ ಬಾಯಿಗೆ ಇದನ್ನು ಹಾಕಿದರೆ, ತಾವು ಎಂದೂ ಹೇಳದ ತಪ್ಪೊಪ್ಪಿಗೆ ಅವರ ಹೆಸರಿನಲ್ಲಿ ದಾಖಲಾಗುತ್ತದೆ.

ನಮ್ಮ ಕಡೆಯ ವಿಶೇಷ ಒಂದಿದೆ. ಮಾಲೀಕರ ಮನೆಮಾತು ಕೊಡವ ತಕ್ಕ್ ಆಗಿದ್ದರೆ, ನಡುವೆ ಮನೆಯವರ ಜೊತೆ ಅದರಲ್ಲಿ ಎರಡು ಮಾತು ಆಡಿಕೊಳ್ಳುತ್ತಾರೆ. ಮೇಸ್ತ್ರಿಗೂ ಆ ಭಾಷೆ ಬರುತ್ತದೆ. ಕೇಳಿಸಿದ್ದನ್ನು ಒಮ್ಮೊಮ್ಮೆ ಅವರು ಹಿಂದಿಗೂ ದಾಟಿಸಿಬಿಡುತ್ತಾರೆ. ತಂಡಕ್ಕೆ ಅದು ಮಾಲೀಕರ ಅಧಿಕೃತ ಮಾತಿನ ಹಾಗೆ ಕೇಳಿಸುತ್ತದೆ. ಹೀಗಾದರೆ "ಒಳಮಾತು, ದಾಟಿತು" ಅಂತ ಗುರುತು ಮಾಡಿ. ದಾಟದಿದ್ದರೆ ಬರೆಯುವುದೇ ಬೇಡ, ಅದು ಅವರ ಮನೆ ಮಾತು.

ಹೆಚ್ಚು ಜಾರುವ ನಾಲ್ಕು ಜಾಗ

ಈ ಭಾಗಕ್ಕೆ ಸ್ವಲ್ಪ ಸಮಯ ಕೊಡಿ. ಹಿಂದಿ-ಕನ್ನಡ ಮಾತುಕತೆಯಲ್ಲಿ ದುಡ್ಡು, ದಿನ ಕೈತಪ್ಪುವುದು ಹೆಚ್ಚಾಗಿ ಇಲ್ಲೇ.

ಮೊದಲನೆಯದು ಅರ್ಧದ ಲೆಕ್ಕ. ಹಿಂದಿಯಲ್ಲಿ ಒಂದೂವರೆಗೆ "ಡೇಢ್", ಎರಡೂವರೆಗೆ "ಢಾಯೀ". ಹಿಂದಿಯನ್ನು ದೊಡ್ಡವರಾದ ಮೇಲೆ ಕಲಿತವರಿಗೆ ಇವೆರಡೂ ಅದಲು ಬದಲಾಗುತ್ತವೆ. ಲೀಡರ್ "ಹರ್ ಆದ್ಮೀ ಢಾಯೀ ಹಜಾರ್ ಅಡ್ವಾನ್ಸ್ ಲಿಯಾ" ಅಂದರು, ಮೇಸ್ತ್ರಿ "ಒಬ್ಬೊಬ್ಬರು ಒಂದೂವರೆ ಸಾವಿರ ತಗೊಂಡಿದ್ದಾರೆ" ಅಂದರು. 12 ಜನಕ್ಕೆ ಲೆಕ್ಕ ಹಾಕಿ: ಒಂದರಲ್ಲಿ 30,000, ಇನ್ನೊಂದರಲ್ಲಿ 18,000. ಹಾಗಾಗಿ ಯಾವುದೇ ಮೊತ್ತ ಬಂದಾಗ ಅಂಕಿಯಲ್ಲಿ ಬರೆದು ಇಬ್ಬರಿಗೂ ತೋರಿಸಿ. 2500 ಅಂತ ಬರೆದ ಚೀಟಿಗೆ ದುಭಾಷಿ ಬೇಕಿಲ್ಲ. ಚೀಟಿಯನ್ನು ಬಿಸಾಡಬೇಡಿ, ಪುಟಕ್ಕೆ ಅಂಟಿಸಿ. ತೋಟದ ಮುಂಗಡ ಪುಸ್ತಕದ ಜೊತೆಗೂ ತಾಳೆ ನೋಡಿ.

ಎರಡನೆಯದು "ಹಮ್". ಪುಸ್ತಕದ ಹಿಂದಿಯಲ್ಲಿ ಅದು "ನಾವು". ಆದರೆ ಬಿಹಾರ, ಪೂರ್ವ ಉತ್ತರ ಪ್ರದೇಶದ ಕಡೆ ಒಬ್ಬರೇ ಇದ್ದರೂ ತಮ್ಮನ್ನು "ಹಮ್" ಅನ್ನುವ ರೂಢಿ ಇದೆ. ಅಂಥ ಹಿಂದಿ ಕೇಳಿ ಕಲಿತವರೂ ಹಾಗೇ ಮಾತಾಡುತ್ತಾರೆ. ಲೀಡರ್ "ಹಮ್ ಮಾರ್ಚ್ ತಕ್ ರಹೇಂಗೆ" ಅಂದಾಗ ಮೇಸ್ತ್ರಿ "ನಾವು ಮಾರ್ಚ್ ತನಕ ಇರ್ತೀವಿ" ಅಂದರು. ಮೇಸ್ತ್ರಿಯ ತಪ್ಪೇನಿಲ್ಲ, ವಾಕ್ಯ ಎರಡು ಅರ್ಥಕ್ಕೂ ಒಂದೇ. ಮಾಲೀಕರು 12 ಜನ ಇರ್ತಾರೆ ಅಂದುಕೊಂಡು ಕರಿಮೆಣಸು ಕುಯ್ಯಿಸುವ ಲೆಕ್ಕವನ್ನೂ ಮನಸ್ಸಿನಲ್ಲೇ ಹಾಕಿಬಿಟ್ಟರು. ಇದರೊಳಗೆ ಇನ್ನೊಂದು ತೊಡಕೂ ಇದೆ. "ಮಾರ್ಚ್ ತನಕ" ಅಂದರೆ ಮಾರ್ಚ್ 1ಕ್ಕೋ 31ಕ್ಕೋ? ಇದು ಕನ್ನಡದಲ್ಲೂ ಅಷ್ಟೇ ಅಸ್ಪಷ್ಟ. "ಯಾರು ಯಾರು? ಎಷ್ಟನೇ ತಾರೀಖು?" ಅಂತ ಕೇಳದೆ ಇಂಥ ವಾಕ್ಯವನ್ನು ತೀರ್ಮಾನದ ಪಟ್ಟಿಗೆ ಸೇರಿಸಬೇಡಿ.

ಮೂರನೆಯದು "ನೋಡೋಣ". ಮಾಲೀಕರು ಹೇಳಿದ್ದು: "ಈಗ ಕಿಲೋಗೆ 5 ರೂಪಾಯಿ. ಗಿಡದಲ್ಲಿ ಹಣ್ಣು ಕಮ್ಮಿ ಆದ್ಮೇಲೆ ನೋಡೋಣ." ಹಣ್ಣು ಕಮ್ಮಿ ಇದ್ದಾಗ ಅದೇ ಹೊತ್ತಿನಲ್ಲಿ ಕಡಿಮೆ ಕಿಲೋ ಆಗುತ್ತದೆ, ಹಾಗಾಗಿ ದರ ಏರಿಸಿ ಅನ್ನುವುದು ತಂಡದ ಬೇಡಿಕೆ. ನಮ್ಮಲ್ಲಿ "ನೋಡೋಣ" ಅಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ, ಎಷ್ಟೋ ಸಲ ಮರ್ಯಾದೆಯ "ಇಲ್ಲ". ಮೇಸ್ತ್ರಿ ದಾಟಿಸಿದ್ದು "ಬಾದ್ ಮೇಂ ಬಢಾ ದೇಂಗೆ", ಅಂದರೆ ಆಮೇಲೆ ಏರಿಸ್ತಾರೆ. ಮಾತು ತೇಲಿಸಿದ್ದು ಭರವಸೆ ಆಗಿಬಿಟ್ಟಿತು. "ಆಗಬಹುದು", "ಪ್ರಯತ್ನ ಮಾಡ್ತೀನಿ", "ಕೇಳಿ ಹೇಳ್ತೀನಿ" ಇವೆಲ್ಲ ದಾಟುವಾಗ ಹೀಗೇ ಗಟ್ಟಿಯಾಗುತ್ತವೆ. ಎಡ ಕಾಲಂನಲ್ಲಿ ಇಂಥ ಅರ್ಧ ಮಾತು ಬಂದರೆ ಅಡಿಗೆರೆ ಎಳೆಯಿರಿ. ನಡುವಿನ ಕಾಲಂನಲ್ಲೂ ಅದು ಅರ್ಧವಾಗಿಯೇ ಇದೆಯಾ ಅಂತ ನೋಡಿ.

ನಾಲ್ಕನೆಯದು "ಠೀಕ್ ಹೈ". ಮಾಲೀಕರು ಮುಂಗಡವನ್ನು ವಾರದ ಬಟವಾಡೆಯಲ್ಲಿ 500ರಂತೆ ಹಿಡಿಯುವುದಾಗಿ ಹೇಳುತ್ತಾ ಹೋದರು. ಲೀಡರ್ ನಡುನಡುವೆ ತಲೆಯಾಡಿಸುತ್ತಾ "ಠೀಕ್ ಹೈ, ಠೀಕ್ ಹೈ" ಅಂದರು. ಮೇಸ್ತ್ರಿ "ಒಪ್ಕೊಂಡ್ರು ಸಾರ್" ಅಂದರು. ಫೋನಿನಲ್ಲಿ ನಾವು "ಹೂಂ, ಹೂಂ" ಅನ್ನುವ ಹಾಗೆ ಅದು ಕೇಳಿಸಿತು ಅನ್ನುವ ಗುರುತೂ ಆಗಿರಬಹುದು. ಮಾತಿನ ಮಧ್ಯೆ ಬಂದ "ಠೀಕ್ ಹೈ"ಯನ್ನು ಒಪ್ಪಿಗೆ ಅಂತ ಬರೆಯಬೇಡಿ. ಪೂರ್ತಿ ಕೇಳಿದ ಮೇಲೆ, ಅವರೇ ಷರತ್ತನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಿದರೆ ಅದು ಒಪ್ಪಿಗೆ.

ಅದೇ ದಿನ ಸಂಜೆ

ತೂಕ, ಲೆಕ್ಕ ಎಲ್ಲ ಮುಗಿದ ಮೇಲೆ, ಮಲಗುವ ಮೊದಲು ಮೂರು ಕಾಲಂ ಓದಿ. ಬೆಳಗ್ಗೆ ಹೊತ್ತಿಗೆ ದುಭಾಷಿಯ ವಾಕ್ಯ ಮಾತ್ರ ತಲೆಯಲ್ಲಿ ಉಳಿದಿರುತ್ತದೆ, ಯಾಕೆಂದರೆ ಅದು ನಮ್ಮ ಭಾಷೆಯಲ್ಲಿತ್ತು.

ಪ್ರತಿ ವಿಷಯವನ್ನೂ ಮೂರರಲ್ಲಿ ಒಂದು ಗುಂಪಿಗೆ ಹಾಕಿ. ಎರಡೂ ಕಡೆಯವರು ತಮ್ಮ ಬಾಯಲ್ಲೇ ತಿರುಗಿ ಹೇಳಿದ್ದು "ತೀರ್ಮಾನ". ಒಂದು ಕಡೆ ಹೇಳಿ, ಇನ್ನೊಂದು ಕಡೆ ಬರೀ ತಲೆಯಾಡಿಸಿದ್ದು "ಹೇಳಿದ್ದು". ಎಡ ಮತ್ತು ನಡು ಕಾಲಂ ಹೊಂದದೇ ಇರುವುದು, ಅಥವಾ ಬಲಗಡೆ ಗುರುತು ಬಿದ್ದಿರುವುದು "ಸಂಶಯ". ಮೊದಲ ಸಲ ಹೀಗೆ ವಿಂಗಡಿಸಿದಾಗ ತೀರ್ಮಾನದ ಗುಂಪಿನಲ್ಲಿ ಏನೂ ಇಲ್ಲದಂತೆ ಕಾಣಬಹುದು. ನಮ್ಮ ಉದಾಹರಣೆಯಲ್ಲಿ "ಈಗ ಕಿಲೋಗೆ 5 ರೂಪಾಯಿ" ಒಂದೇ ಅಲ್ಲಿಗೆ ಬರುತ್ತದೆ. ಒಂದು ಗಂಟೆ ಮಾತಾಡಿದ್ದಕ್ಕೆ ಇಷ್ಟೇನಾ ಅನಿಸಿದರೆ, ಹೌದು, ಇಷ್ಟೇ.

ತಾಳೆ ನೋಡುವುದು

ಸಂಶಯದ ಗುಂಪನ್ನು ಮರುದಿನವೇ ತೆಗೆದುಕೊಳ್ಳಿ. ಸಾಧ್ಯವಾದರೆ ಬೇರೆ ದುಭಾಷಿ ಬೇಕು. ಪೇಟೆಯ ಅಂಗಡಿಯಲ್ಲೋ ಪಕ್ಕದ ತೋಟದಲ್ಲೋ ಅಸ್ಸಾಮಿ ಮನೆಮಾತಿನವರು, ನಾಲ್ಕಾರು ವರ್ಷದಿಂದ ಇಲ್ಲೇ ಇದ್ದು ಕನ್ನಡ ಕಲಿತವರು ಸಿಗಬಹುದು. ಫೋನಿನಲ್ಲಿ ಹತ್ತು ನಿಮಿಷ ಸಿಕ್ಕರೂ ಸಾಕು. ಹಿಂದಿ ಬಿಟ್ಟು ನೇರ ಅಸ್ಸಾಮಿಗೆ ಹೋದರೆ ಒಂದು ಸಲ ದಾಟುವುದು ತಪ್ಪುತ್ತದೆ. ನೆಟ್‌ವರ್ಕ್ ಸಿಗುವ ಜಾಗಕ್ಕೆ ಹೋಗಿ ಮಾಡಿ. ಕಡಿದು ಕಡಿದು ಬರುವ ಕಾಲ್‌ನಲ್ಲಿ ಅಂಕಿ ಕೇಳಿದರೆ ಹೊಸ ತಪ್ಪು ಹುಟ್ಟುತ್ತದೆ.

ಕೇಳುವ ರೀತಿ ತುಂಬಾ ಮುಖ್ಯ. "ಎಲ್ಲರೂ ಮಾರ್ಚ್ ತನಕ ಇರ್ತೀರಿ, ಅಲ್ವಾ?" ಅಂತ ಕೇಳಿದರೆ "ಹಾಂ" ಅಂತಲೇ ಬರುತ್ತದೆ, ಕೂಲಿ ಕೊಡುವವರ ಕಡೆಯ ಮನುಷ್ಯ ಕೇಳುತ್ತಿರುವುದಲ್ಲವಾ. "ಊರಿಗೆ ಯಾರು ಯಾವಾಗ ಹೋಗ್ತಾರೆ?" ಅಂತ ಕೇಳಿ. "500 ಹಿಡಿಯೋದು ಒಪ್ಪಿಗೆನಾ?" ಅನ್ನಬೇಡಿ. "ಈ ಶನಿವಾರ ಕೈಗೆ ಎಷ್ಟು ಬರುತ್ತೆ ಅಂತ ನಿಮ್ಮ ಲೆಕ್ಕ?" ಅನ್ನಿ. ಉತ್ತರದಲ್ಲಿ ಅವರ ತಿಳಿವಳಿಕೆ ತಾನಾಗಿ ಹೊರಗೆ ಬರುತ್ತದೆ. ಇದೇ ಪ್ರಶ್ನೆಗಳನ್ನು ಮಾಲೀಕರಿಗೂ ಬೇರೆಯಾಗಿ ಕೇಳಬೇಕು. ಜಾರುವುದು ಎರಡೂ ದಿಕ್ಕಿನಲ್ಲಿ.

ಮೇಸ್ತ್ರಿಗೆ ಮೊದಲೇ ಹೇಳಿಬಿಡಿ: "ನಿಮ್ಮನ್ನು ಪರೀಕ್ಷೆ ಮಾಡೋಕಲ್ಲ, ದುಡ್ಡಿನ ವಿಷಯ, ಇನ್ನೊಮ್ಮೆ ಕೇಳಿಕೊಳ್ತೀನಿ." ಅವರ ಬೆನ್ನ ಹಿಂದೆ ಮಾಡಿದರೆ ಮುಂದಿನ ಮಾತುಕತೆಗೆ ಅವರು ಬಾಯಿ ಬಿಡುವುದಿಲ್ಲ.

ನಮ್ಮ ಉದಾಹರಣೆಯಲ್ಲಿ ಮರುದಿನ ಹೊರಬಿದ್ದದ್ದು ಹೀಗೆ. ಮುಂಗಡ ತಲಾ 2,500, ಪುಸ್ತಕದಲ್ಲೂ ಅಷ್ಟೇ ಇದೆ. "ಹಮ್" ಅಂದರೆ ಲೀಡರ್, ಅವರ ಹೆಂಡತಿ, ತಮ್ಮ, ಮೂರೇ ಜನ, ಅವರು ಇರುವುದು ಮಾರ್ಚ್ 20ರ ತನಕ. ಉಳಿದ 9 ಜನ ಫೆಬ್ರವರಿ ಕೊನೆಗೆ ಹೊರಡುತ್ತಾರೆ. ದರ ಏರುತ್ತದೆ ಅಂತ ತಂಡ ಪೂರ್ತಿ ನಂಬಿದೆ. ವಾರಕ್ಕೆ 500 ಹಿಡಿಯುವ ಮಾತು ಲೀಡರಿಗೆ ಅರ್ಥ ಆಗಿದೆ, ಆದರೆ ಒಪ್ಪಿಲ್ಲ. ಊರಿಗೆ ಹೊರಡುವಾಗ ಒಟ್ಟಿಗೆ ಹಿಡಿಯಲಿ ಅನ್ನುವುದು ಅವರ ಮಾತು.

ಬರೆಯುವುದು

ತಾಳೆ ನೋಡದೆ ಬರೆದಿದ್ದರೆ ಸಾರಾಂಶ ಹೀಗಿರುತ್ತಿತ್ತು: "ಕಿಲೋಗೆ 5 ರೂ. ನಂತರ ಹೆಚ್ಚಳ. ತಂಡದವರು ಮಾರ್ಚ್‌ವರೆಗೆ ಇರಲು ಒಪ್ಪಿದರು. ಮುಂಗಡ ತಲಾ 1,500, ವಾರಕ್ಕೆ 500 ಕಡಿತಕ್ಕೆ ಒಪ್ಪಿಗೆ." ಓದಲು ಚೆನ್ನಾಗಿದೆ, ಒಂದೂ ಸಂಶಯದ ಪದ ಇಲ್ಲ. ಅದರಲ್ಲಿ ನಿಜವಾದದ್ದು ಮೊದಲ ತುಂಡು ಮಾತ್ರ.

ಬರೆಯಬೇಕಾದದ್ದು ಹೀಗೆ:

> ದುಭಾಷಿ: ತೋಟದ ಮೇಸ್ತ್ರಿ, ತಂಡವನ್ನು ಕರೆತಂದವರು (ಹಿಂದಿ–ಕನ್ನಡ). ಮರುದಿನ ಅಸ್ಸಾಮಿ ಬಲ್ಲ ಇನ್ನೊಬ್ಬರಿಂದ ಫೋನಿನಲ್ಲಿ ತಾಳೆ ನೋಡಲಾಗಿದೆ.
>
> ತೀರ್ಮಾನ: ಈಗಿನ ದರ ಕಿಲೋಗೆ 5 ರೂ. ಮುಂಗಡ ತಲಾ 2,500 ರೂ. (ಮಾತುಕತೆಯಲ್ಲಿ 1,500 ಎಂದು ದಾಟಿತ್ತು. ಮುಂಗಡ ಪುಸ್ತಕ ನೋಡಿ ಎರಡೂ ಕಡೆಯವರು 2,500 ಎಂದು ಒಪ್ಪಿದರು.)
>
> ದರ ಏರಿಕೆ: ಮಾಲೀಕರು "ಹಣ್ಣು ಕಮ್ಮಿ ಆದ್ಮೇಲೆ ನೋಡೋಣ" ಎಂದರು. ತಂಡಕ್ಕೆ "ಆಮೇಲೆ ಏರಿಸುತ್ತಾರೆ" ಎಂದು ದಾಟಿತು. ಏರಿಕೆ ಆಗುತ್ತದೆ ಎಂದೇ ತಂಡ ತಿಳಿದಿದೆ. ತೀರ್ಮಾನ ಆಗಿಲ್ಲ.
>
> ಇರುವ ಅವಧಿ: ಲೀಡರ್ ಸೇರಿ 3 ಜನ ಮಾರ್ಚ್ 20ರವರೆಗೆ, 9 ಜನ ಫೆಬ್ರವರಿ ಕೊನೆಯವರೆಗೆ. 12 ಜನರೂ ಮಾರ್ಚ್‌ವರೆಗೆ ಇರುತ್ತಾರೆ ಎಂದು ಮಾಲೀಕರು ತಿಳಿದಿದ್ದರು. ಮರುದಿನ ಅವರಿಗೆ ತಿಳಿಸಲಾಗಿದೆ.
>
> ಮುಂಗಡ ಕಡಿತ: ಮಾಲೀಕರು ವಾರಕ್ಕೆ 500 ಎಂದರು. ಲೀಡರ್ ಹೊರಡುವಾಗ ಒಟ್ಟಿಗೆ ಎಂದರು. ತೀರ್ಮಾನ ಆಗಿಲ್ಲ.
>
> ನೀರು: ಲೈನ್ ಮನೆಯ ನೀರಿನ ದೂರು. ವಿವರ ಪೂರ್ತಿ ದಾಟಿಲ್ಲ, ಮತ್ತೆ ಕೇಳಬೇಕು.

"ಎಂದರು", "ಎಂದು ದಾಟಿತು", "ಎಂದು ತಿಳಿದಿದೆ", ಈ ಮೂರನ್ನು ಗಮನಿಸಿ. ಹೇಳಿದ್ದು ಯಾರು, ದಾಟಿದ್ದು ಏನು, ನಂಬಿದ್ದು ಏನು ಅನ್ನುವುದು ಕ್ರಿಯಾಪದದಲ್ಲೇ ಗೊತ್ತಾಗುತ್ತದೆ. "ಮೇಸ್ತ್ರಿ ತಪ್ಪು ಹೇಳಿದರು" ಅಂತ ಎಲ್ಲೂ ಇಲ್ಲ. ನಿಮಗೆ ಹಿಂದಿ ಬರದಿದ್ದರೆ ಮೂಲ ಮಾತು ಹೀಗಿತ್ತು ಅಂತ ನೀವೇ ಬರೆಯುವ ಹಾಗೂ ಇಲ್ಲ. ಆಗ "ತಾಳೆ ನೋಡಿದವರ ಪ್ರಕಾರ" ಅಂತ ಸೇರಿಸಿ. ಎರಡನೆಯ ದುಭಾಷಿ ಸಿಗಲೇ ಇಲ್ಲವಾದರೆ ಅದನ್ನೂ ಬರೆಯಿರಿ, ಸಂಶಯದ ಗುಂಪನ್ನು ಹಾಗೇ ಬಿಡಿ. ಊಹೆ ಮಾಡಿ ತುಂಬಿಸಬೇಡಿ.

ಓದಿ ಹೇಳಿದ ಮೇಲೆ

ಬರೆದದ್ದನ್ನು ಎರಡೂ ಕಡೆಗೆ ಅವರವರ ಭಾಷೆಯಲ್ಲಿ ಓದಿ ಹೇಳಿಸಿ. ತಂಡದ ಕಡೆ ಲೀಡರ್ ಒಬ್ಬರೇ ಕೇಳಿದರೆ ಸಾಲದು. ಸಂಜೆ ತೂಕದ ಹೊತ್ತಿಗೆ ಎಲ್ಲರೂ ಕಣದಲ್ಲಿ ಇರುತ್ತಾರೆ, ಆಗ ಓದಿಸುವುದು ಒಳ್ಳೆಯದು. ಯಾರಾದರೂ "ನಾನು ಹಾಗೆ ಹೇಳಿಲ್ಲ" ಅಂದರೆ ಹಳೆಯ ಸಾಲು ಹಾಗೇ ಇರಲಿ, ಕೆಳಗೆ ತಾರೀಖು ಹಾಕಿ ಅವರ ತಿದ್ದುಪಡಿ ಬರೆಯಿರಿ. ಹೆಬ್ಬೆಟ್ಟು ಹಾಕಿಸುವುದಾದರೆ "ಅಸ್ಸಾಮಿಯಲ್ಲಿ ಓದಿ ವಿವರಿಸಲಾಗಿದೆ" ಅನ್ನುವ ಸಾಲು ಮತ್ತು ಓದಿ ಹೇಳಿದವರ ಸಹಿ ಜೊತೆಗಿರಬೇಕು. ಆ ಹೆಬ್ಬೆಟ್ಟು ಕೂಡ "ಓದಿ ಕೇಳಿಸಿಕೊಂಡೆ" ಅನ್ನುವುದಕ್ಕೆ ಮಾತ್ರ. ಕೂಲಿ ಕರಾರು ಬೇಕಿದ್ದರೆ ಅದು ಬೇರೆ ಕಾಗದ, ತೀರ್ಮಾನ ಆಗದ ಎರಡು ವಿಷಯ ಮತ್ತೆ ಕೂತು ಬಗೆಹರಿದ ಮೇಲೆ ಬರೆಯುವಂಥದ್ದು. ಆ ಎರಡನೆಯ ಮಾತುಕತೆಗೆ ಮೂರು ಕಾಲಂನ ಹೊಸ ಪುಟ ತೆಗೆಯಿರಿ. ಹಳೆಯ ಪುಟ, ಅಂಕಿ ಬರೆದ ಚೀಟಿ, ರೆಕಾರ್ಡಿಂಗ್ ಮೂರೂ ತಂಡದ ಕೊನೆಯ ಲೆಕ್ಕ ಚುಕ್ತಾ ಆಗುವ ತನಕ ಜೋಪಾನವಾಗಿರಲಿ.